ಬೇರಿಯಂ, ಸಲ್ಫೇಟ್ ಮತ್ತು ಸುಮ್ಮನೆ ನಿಂತು ನೋಡುವ ಅಯಾನುಗಳು

ಅನ್ನನಾಳ, ಜಠರಗಳ ಎಕ್ಸ್‌ರೇ ತೆಗೆಯುವ ಮುಂಚೆ ಕೆಲವು ರೋಗಿಗಳಿಗೆ ಗಟ್ಟಿಯಾದ ಬಿಳಿ ದ್ರವವೊಂದನ್ನು ಕುಡಿಸುತ್ತಾರೆ. ಅದರಲ್ಲಿರುವುದು ಬೇರಿಯಂ ಸಲ್ಫೇಟ್. ಬೇರಿಯಂ ವಿಷ. ನೀರಿನಲ್ಲಿ ಕರಗುವ ಬೇರಿಯಂ ಲವಣ ಕೆಲವೇ ಗ್ರಾಂ ಹೊಟ್ಟೆಗೆ ಹೋದರೂ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಆದರೆ ಈ ಬಿಳಿ ದ್ರವವನ್ನು ಲೋಟ ತುಂಬ ಕುಡಿದ ರೋಗಿ ಸಂಜೆ ಮನೆಗೆ ನಡೆದುಕೊಂಡು ಹೋಗುತ್ತಾನೆ. ಇದು ಹೇಗೆ ಎಂಬುದಕ್ಕೆ ಉತ್ತರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಒಂದು ಚಟುವಟಿಕೆಯಲ್ಲೇ ಇದೆ. ಆ ಚಟುವಟಿಕೆಯ ಸಮೀಕರಣವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಬರೆದರೆ ಸಾಕು.

ಚಟುವಟಿಕೆ ಹಲವರಿಗೆ ನೆನಪಿರಬಹುದು. ಒಂದು ಪ್ರನಾಳದಲ್ಲಿ ಸೋಡಿಯಂ ಸಲ್ಫೇಟ್ ದ್ರಾವಣ, ಇನ್ನೊಂದರಲ್ಲಿ ಬೇರಿಯಂ ಕ್ಲೋರೈಡ್ ದ್ರಾವಣ. ಎರಡೂ ನೀರಿನಂತೆ ತಿಳಿ. ಒಂದನ್ನು ಇನ್ನೊಂದಕ್ಕೆ ಸುರಿದ ಕ್ಷಣವೇ ಇಡೀ ಪ್ರನಾಳ ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಬಿಳಿ ಪುಡಿ ತಳಕ್ಕೆ ಇಳಿದು ಮೇಲಿನ ನೀರು ಮತ್ತೆ ತಿಳಿಯಾಗುತ್ತದೆ. ಕೆಳಗೆ ಕೂತದ್ದು ಪ್ರಕ್ಷೇಪ. ಪುಸ್ತಕ ಅದನ್ನು ಹೀಗೆ ಬರೆಯುತ್ತದೆ:

Na₂SO₄(aq) + BaCl₂(aq) → BaSO₄(s) + 2NaCl(aq)

(aq) ಎಂದರೆ ನೀರಿನಲ್ಲಿ ಕರಗಿರುವುದು, (s) ಎಂದರೆ ಘನ. ಸಮೀಕರಣದಲ್ಲಿ ಲೆಕ್ಕ ತಪ್ಪಿಲ್ಲ. ಆದರೆ ಇದನ್ನು ಓದಿದವರಿಗೆ ಸೋಡಿಯಂ ಸಲ್ಫೇಟ್ ಎಂಬ ಜೋಡಿ ಮುರಿದು, ಸೋಡಿಯಂ ಹೋಗಿ ಕ್ಲೋರಿನ್ ಜೊತೆ ಸೇರಿಕೊಂಡಿತು ಎಂದು ಅನಿಸುತ್ತದೆ. ಪ್ರನಾಳದಲ್ಲಿ ಅಂಥದ್ದೇನೂ ಆಗಿಲ್ಲ. ಸೋಡಿಯಂ ಸಲ್ಫೇಟ್ ನೀರಿಗೆ ಬಿದ್ದಾಗಲೇ ಜೋಡಿ ಬಿಟ್ಟಿತ್ತು: ಧನ ಆವೇಶದ Na⁺ ಅಯಾನುಗಳು ಒಂದು ಕಡೆ, ಋಣ ಆವೇಶದ SO₄²⁻ ಅಯಾನುಗಳು ಇನ್ನೊಂದು ಕಡೆ, ಪ್ರತಿಯೊಂದರ ಸುತ್ತಲೂ ನೀರಿನ ಅಣುಗಳು. ಬೇರಿಯಂ ಕ್ಲೋರೈಡ್‌ನ ಸ್ಥಿತಿಯೂ ಅದೇ. ಹಾಗಾಗಿ ಕರಗಿರುವುದನ್ನೆಲ್ಲ ಬಿಡಿಸಿ, ಕರಗದ್ದನ್ನು ಒಟ್ಟಿಗೇ ಇಟ್ಟು ಬರೆಯಬೇಕು:

2Na⁺ + SO₄²⁻ + Ba²⁺ + 2Cl⁻ → BaSO₄(s) + 2Na⁺ + 2Cl⁻

ಈಗ ಎರಡೂ ಬದಿಯನ್ನು ಜಮಾ–ಖರ್ಚಿನ ಹಾಗೆ ಎದುರುಬದುರು ಇಟ್ಟು ನೋಡಿ. ಎರಡು Na⁺ ಎಡಕ್ಕೂ ಇವೆ, ಬಲಕ್ಕೂ ಇವೆ. ಎರಡು Cl⁻ ಕೂಡ ಹಾಗೆಯೇ. ಕ್ರಿಯೆಗೆ ಮುಂಚೆ ಹೇಗೆ ಈಜಾಡುತ್ತಿದ್ದವೋ ಆಮೇಲೂ ಹಾಗೆಯೇ ಈಜಾಡುತ್ತಿವೆ. ಇವೇ ಪ್ರೇಕ್ಷಕ ಅಯಾನುಗಳು. ಇವನ್ನು ಹೊಡೆದುಹಾಕಿದರೆ ಉಳಿಯುವುದು ನಿವ್ವಳ ಅಯಾನಿಕ ಸಮೀಕರಣ:

Ba²⁺(aq) + SO₄²⁻(aq) → BaSO₄(s)

ಕೊನೆಗೆ ಆವೇಶವನ್ನೂ ಕೂಡಿ ನೋಡಬೇಕು. ಎಡಕ್ಕೆ +2 ಮತ್ತು –2, ಮೊತ್ತ ಸೊನ್ನೆ, ಬಲಕ್ಕೂ ಸೊನ್ನೆ. ಪರಮಾಣುಗಳ ಲೆಕ್ಕ ಕೂಡಿ ಆವೇಶದ ಲೆಕ್ಕ ಕೂಡದಿದ್ದರೆ ಎಲ್ಲೋ ಅಯಾನನ್ನು ತಪ್ಪಾಗಿ ಬರೆದಿದ್ದೀರಿ ಎಂದೇ ಅರ್ಥ. ಸಾಮಾನ್ಯವಾಗಿ ಆಗುವ ತಪ್ಪು ಬಿಡಿಸುವ ಹಂತದಲ್ಲಿ. BaCl₂ ಎಂಬುದನ್ನು Ba²⁺ ಮತ್ತು Cl₂ ಎಂದು ಬಿಡಿಸುವವರಿದ್ದಾರೆ. Cl₂ ಎಂದರೆ ಹಸಿರು–ಹಳದಿ ಬಣ್ಣದ ವಿಷಾನಿಲ. ದ್ರಾವಣದಲ್ಲಿರುವುದು ಎರಡು ಬಿಡಿ Cl⁻. ಸಲ್ಫೇಟನ್ನು ಗಂಧಕ, ಆಮ್ಲಜನಕ ಎಂದು ಒಡೆಯುವುದೂ ಅಂಥದ್ದೇ ತಪ್ಪು. SO₄²⁻ ಇಡಿಯಾಗಿ ಬರುತ್ತದೆ, ಇಡಿಯಾಗಿಯೇ ಹೋಗುತ್ತದೆ.

ಯಾವುದು ಕರಗುತ್ತದೆ ಎಂದು ಗೊತ್ತಿಲ್ಲದೆ ಬಿಡಿಸಲು ಹೊರಟರೆ ಮಾತ್ರ ಎಲ್ಲವೂ ಅಡಿಮೇಲಾಗುತ್ತದೆ. ಬಹಳಷ್ಟು ಕೆಲಸಕ್ಕೆ ಸ್ವಲ್ಪವೇ ನೆನಪು ಸಾಕು: ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂಗಳ ಸಾಮಾನ್ಯ ಲವಣಗಳು ಕರಗುತ್ತವೆ, ನೈಟ್ರೇಟುಗಳೂ ಕರಗುತ್ತವೆ. ಅದಕ್ಕೇ Na⁺, K⁺, NO₃⁻ ಹೆಚ್ಚಿನ ಸಮೀಕರಣಗಳಲ್ಲಿ ಪ್ರೇಕ್ಷಕರಾಗಿಯೇ ಉಳಿಯುತ್ತವೆ. ಕ್ಲೋರೈಡುಗಳಲ್ಲಿ ಬೆಳ್ಳಿ, ಸೀಸದವು ಕೂರುತ್ತವೆ. ಸಲ್ಫೇಟುಗಳಲ್ಲಿ ಬೇರಿಯಂ, ಸೀಸದವು. ಉಪ್ಪಿನ ನೀರಿಗೆ ಪೊಟ್ಯಾಸಿಯಂ ನೈಟ್ರೇಟ್ ಸುರಿದು ಸಮೀಕರಣ ಬರೆಯಲು ಕೂತರೆ ಎಲ್ಲ ಅಯಾನುಗಳೂ ಎರಡು ಬದಿಯಲ್ಲೂ ಇದ್ದು, ಹೊಡೆದುಹಾಕಿದ ಮೇಲೆ ಹಾಳೆಯಲ್ಲಿ ಏನೂ ಉಳಿಯುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಅಲ್ಲಿ ಕ್ರಿಯೆಯೇ ನಡೆದಿಲ್ಲ.

ಈಗ ರೋಗಿಯ ಹೊಟ್ಟೆಗೆ ಬರೋಣ. ದೇಹಕ್ಕೆ ವಿಷವಾಗುವುದು ಬಿಡಿಯಾಗಿ ಓಡಾಡುವ Ba²⁺ ಅಯಾನು. ಒಂದು ಲೀಟರ್ ನೀರಿನಲ್ಲಿ ಬೇರಿಯಂ ಸಲ್ಫೇಟ್ ಕರಗುವುದು ಎರಡೂವರೆ ಮಿಲಿಗ್ರಾಂನಷ್ಟು ಮಾತ್ರ. ಉಳಿದದ್ದೆಲ್ಲ ಪುಡಿಯಾಗಿಯೇ ಕರುಳು ದಾಟಿ ಹೊರಬೀಳುತ್ತದೆ. ಬೇರಿಯಂ ವಿಷ ಹೊಟ್ಟೆಗೆ ಹೋದವರಿಗೆ ಸೋಡಿಯಂ ಸಲ್ಫೇಟ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕುಡಿಸುವ ಚಿಕಿತ್ಸೆಯೂ ಇದೇ ಒಂದು ಸಾಲಿನ ಸಮೀಕರಣ. ಬೇಕಾದದ್ದು SO₄²⁻; ಅದು ಯಾರ ಜೊತೆ ಬಂದಿತು ಎಂಬುದು ಪ್ರಕ್ಷೇಪಕ್ಕೆ ಮುಖ್ಯವಲ್ಲ. ಹಾಗೆಂದು ಪ್ರೇಕ್ಷಕ ಅಯಾನು ಎಂದರೆ ನಿರುಪದ್ರವಿ ಎಂದಲ್ಲ. ಆ ಒಂದು ಕ್ರಿಯೆಯ ಮಟ್ಟಿಗೆ ಅದಕ್ಕೆ ಕೆಲಸವಿಲ್ಲ, ಅಷ್ಟೆ. ಬೇರಿಯಂ ಕ್ಲೋರೈಡ್‌ಗೆ ಬೆಳ್ಳಿ ನೈಟ್ರೇಟ್ ಹಾಕಿದರೆ ಕ್ಲೋರೈಡ್ ಹೋಗಿ ಬೆಳ್ಳಿಯೊಡನೆ ಪ್ರಕ್ಷೇಪವಾಗುತ್ತದೆ, ಬೇರಿಯಂ ಪ್ರೇಕ್ಷಕನಾಗಿ ಉಳಿಯುತ್ತದೆ. ವಿಷವೂ ಹಾಗೇ ಉಳಿಯುತ್ತದೆ.

ಕರಗದ ಇನ್ನೊಂದು ಬೇರಿಯಂ ಲವಣವಿದೆ: ಬೇರಿಯಂ ಕಾರ್ಬೊನೇಟ್. ನೀರಿನಲ್ಲಿ ಅದೂ ಹೆಚ್ಚು ಕಮ್ಮಿ ಕರಗುವುದಿಲ್ಲ. ಅದೂ ಬಿಳಿ ಪುಡಿಯೇ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿಂದೆ ಇದನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಜಠರದಲ್ಲಿರುವುದು ಬರೀ ನೀರಲ್ಲ, ಹೈಡ್ರೋಕ್ಲೋರಿಕ್ ಆಮ್ಲ. ಅಲ್ಲಿ ನಡೆಯುವುದು ಇದು:

BaCO₃(s) + 2H⁺(aq) → Ba²⁺(aq) + H₂O(l) + CO₂(g)

ಕ್ಲೋರೈಡ್ ಇಲ್ಲಿ ಪ್ರೇಕ್ಷಕ. ಆಮ್ಲದ H⁺ ಕಾರ್ಬೊನೇಟನ್ನು ಹಿಡಿದು ನೀರು, ಅನಿಲವಾಗಿ ಮಾಡಿಬಿಡುತ್ತದೆ. ಜೊತೆ ಕಳೆದುಕೊಂಡ ಬೇರಿಯಂ ಅಯಾನಾಗಿ ರಕ್ತಕ್ಕೆ ಹೋಗುತ್ತದೆ. ಸಲ್ಫೇಟಿಗೆ H⁺ ಮೇಲೆ ಅಂಥ ಹಿಡಿತವಿಲ್ಲ, ಆದ್ದರಿಂದ ಬೇರಿಯಂ ಸಲ್ಫೇಟ್ ಆಮ್ಲದಲ್ಲೂ ಅಲುಗುವುದಿಲ್ಲ. 2003ರಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್‌ರೇಗೆಂದು ಕೊಟ್ಟ ಬೇರಿಯಂ ಸಲ್ಫೇಟ್‌ನಲ್ಲಿ ಕಾರ್ಬೊನೇಟ್ ಬೆರೆತಿದ್ದು, ಅದನ್ನು ಕುಡಿದ ಹಲವರು ಪ್ರಾಣ ಕಳೆದುಕೊಂಡರು. ಇಂಥ ಬೆರಕೆಯನ್ನು ಕಂಡುಹಿಡಿಯುವ ಪರೀಕ್ಷೆಯೂ ಮೇಲಿನ ಸಾಲಿನಲ್ಲೇ ಇದೆ: ಪುಡಿಗೆ ಆಮ್ಲ ಹಾಕಿದಾಗ ನೊರೆಗುಳ್ಳೆ ಎದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ. ಆಮೇಲೆ ಸೋಸಿ, ತಿಳಿಗೆ ಸಲ್ಫೇಟ್ ದ್ರಾವಣ ಹಾಕಿದಾಗ ಮತ್ತೆ ಬೆಳ್ಳಗಾದರೆ ಕರಗಿದ ಬೇರಿಯಂ ಇದೆ.

H⁺ ಬಂದ ಮೇಲೆ ತಟಸ್ಥೀಕರಣದ ಮಾತು ದೂರವಿಲ್ಲ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಉಪ್ಪು ಮತ್ತು ನೀರು ಎಂದು ಓದಿದ್ದೇವೆ. ಬಿಡಿಸಿ ಬರೆದರೆ Na⁺, Cl⁻ ಎರಡೂ ಪ್ರೇಕ್ಷಕರು. ಉಳಿಯುವುದು:

H⁺(aq) + OH⁻(aq) → H₂O(l)

ಉಪ್ಪು ಹುಟ್ಟಲೇ ಇಲ್ಲ; ನೀರನ್ನು ಕುದಿಸಿ ಇಂಗಿಸಿದಾಗಷ್ಟೇ ಹರಳಾಗಿ ಕಾಣುತ್ತದೆ. ಇದನ್ನು ಬರೀ ಹಾಳೆಯ ಮೇಲಿನ ಚಮತ್ಕಾರ ಎಂದುಕೊಳ್ಳಬೇಕಿಲ್ಲ, ಥರ್ಮಾಮೀಟರಿನಲ್ಲೇ ನೋಡಬಹುದು. ಲೀಟರಿಗೆ ಒಂದು ಮೋಲ್ ಇರುವ ಆಮ್ಲ 50 ಮಿ.ಲೀ., ಅಷ್ಟೇ ಪ್ರಬಲವಾದ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ. ಬೆರೆಸಿದರೆ ಉಷ್ಣತೆ ಸುಮಾರು ಆರೂವರೆ–ಏಳು ಡಿಗ್ರಿ ಏರುತ್ತದೆ. ಇನ್ನೊಂದು ಲೋಟದಲ್ಲಿ ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ. ರಾಸಾಯನಿಕ ಎರಡೂ ಬೇರೆ, ಹುಟ್ಟುವ ಲವಣವೂ ಬೇರೆ, ಆದರೆ ಏರಿಕೆ ಅಷ್ಟೇ. ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಯಾವುದೇ ಇರಲಿ, ಒಂದು ಮೋಲ್ ನೀರು ಉಂಟಾದಾಗ ಹೊರಬರುವ ಶಾಖ ಸುಮಾರು 57 ಕಿಲೋಜೌಲ್. ಈ ಒಗಟಿಗೆ ಅಯಾನುಗಳೇ ಉತ್ತರ ಎಂದದ್ದು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್. ಕರಗಿದ ಲವಣ ಅಯಾನುಗಳಾಗಿ ಒಡೆಯುತ್ತದೆ ಎಂಬ ವಾದದ ಅವರ 1884ರ ಪ್ರಬಂಧವನ್ನು ಪರೀಕ್ಷಕರು ಅರೆಮನಸ್ಸಿನಿಂದ ಒಪ್ಪಿದ್ದರು. ಅದೇ ವಾದಕ್ಕೆ 1903ರಲ್ಲಿ ನೊಬೆಲ್ ಬಂತು.

ವಿನೆಗರಿನ ಅಸಿಟಿಕ್ ಆಮ್ಲಕ್ಕೆ ಮಾತ್ರ ಈ ಸಮೀಕರಣ ಸಲ್ಲದು. ಅದು ನೀರಿನಲ್ಲಿ ಕರಗುತ್ತದೆ, ಆದರೆ ಬಿಡಿಯುವುದಿಲ್ಲ. ಲೀಟರಿಗೆ ಒಂದು ಮೋಲ್ ಇದ್ದಾಗ ಸಾವಿರ ಅಣುಗಳಲ್ಲಿ ನಾಲ್ಕು ಮಾತ್ರ ಅಯಾನುಗಳಾಗಿರುತ್ತವೆ. ಆದ್ದರಿಂದ ಅದನ್ನು ಇಡಿಯಾಗಿಯೇ ಬರೆಯಬೇಕು:

CH₃COOH(aq) + OH⁻(aq) → CH₃COO⁻(aq) + H₂O(l)

ಅಸಿಟೇಟ್ ಇಲ್ಲಿ ಪ್ರೇಕ್ಷಕನಲ್ಲ, ಎಡಕ್ಕೆ ಅದು ಬಿಡಿಯಾಗಿ ಇರಲೇ ಇಲ್ಲ. ಕರಗುವುದು ಬೇರೆ, ಅಯಾನುಗಳಾಗಿ ಬಿಡಿಯುವುದು ಬೇರೆ ಎಂಬ ಈ ಒಂದು ವ್ಯತ್ಯಾಸದಲ್ಲೇ ಒಳ್ಳೆಯ ವಿದ್ಯಾರ್ಥಿಗಳೂ ಎಡವುತ್ತಾರೆ.

ಪ್ರಕ್ಷೇಪ, ತಟಸ್ಥೀಕರಣ ಎರಡೂ ಒಟ್ಟಿಗೇ ಆಗುವ ಸುಂದರ ಪ್ರಯೋಗವೊಂದಿದೆ. ಬೇರಿಯಂ ಹೈಡ್ರಾಕ್ಸೈಡ್‌ನ ತೆಳು ದ್ರಾವಣಕ್ಕೆ ಫಿನಾಫ್ಥಲೀನ್ ಹಾಕಿ ಗುಲಾಬಿ ಮಾಡಿ, ಎರಡು ಗ್ರಾಫೈಟ್ ಕಡ್ಡಿ ಇಳಿಬಿಟ್ಟು, ಬ್ಯಾಟರಿ ಮತ್ತು ಸಣ್ಣ ದೀಪಕ್ಕೆ ಜೋಡಿಸಬೇಕು. ಅಯಾನುಗಳು ವಿದ್ಯುತ್ ಸಾಗಿಸುವುದರಿಂದ ದೀಪ ಉರಿಯುತ್ತದೆ. ಈಗ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ ದ್ರಾವಣ ಬೆಳ್ಳಗಾಗುತ್ತಾ ಹೋಗಿ, ದೀಪ ಮಂಕಾಗುತ್ತಾ ಬಂದು, ಗುಲಾಬಿ ಬಣ್ಣ ಮಾಯವಾಗುವ ಹೊತ್ತಿಗೇ ನಂದಿಹೋಗುತ್ತದೆ.

Ba²⁺ + 2OH⁻ + 2H⁺ + SO₄²⁻ → BaSO₄(s) + 2H₂O(l)

ಎಡಬದಿಯಲ್ಲಿ ಹೊಡೆದುಹಾಕಲು ಒಂದೂ ಅಯಾನು ಸಿಗದು. ಎಲ್ಲವೂ ಕ್ರಿಯೆಯಲ್ಲಿ ಖರ್ಚಾಗಿವೆ. ಇದೇ ಪ್ರಯೋಗವನ್ನು ಸೋಡಿಯಂ ಹೈಡ್ರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿದರೆ ದೀಪ ಸ್ವಲ್ಪ ಮಂಕಾಗುತ್ತದೆ, ನಂದುವುದಿಲ್ಲ. H⁺, OH⁻ ನೀರಾಗಿ ಹೋದ ಮೇಲೂ ವಿದ್ಯುತ್ ಸಾಗಿಸುತ್ತಿರುವುದು ಪ್ರೇಕ್ಷಕರಾದ Na⁺ ಮತ್ತು Cl⁻. ಬೇರಿಯಂ ಲೋಟಕ್ಕೆ ಇನ್ನೂ ಕೆಲವು ಹನಿ ಆಮ್ಲ ಬಿಟ್ಟರೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ: ಜೊತೆಗೆ ಯಾರೂ ಸಿಗದ H⁺, SO₄²⁻ ಈಗ ನೀರಿನಲ್ಲಿ ಬಿಡಿಯಾಗಿವೆ. ಬಣ್ಣ ಬದಲಿಸುವ ಸೂಚಕ ಕೆಲಸಕ್ಕೆ ಬಾರದ ಕದಡಿದ ದ್ರಾವಣಗಳಲ್ಲಿ ಆಮ್ಲದ ಅಳತೆ ಎಲ್ಲಿಗೆ ಮುಗಿಯಿತು ಎಂದು ಪ್ರಯೋಗಾಲಯಗಳು ಕಂಡುಕೊಳ್ಳುವುದು ಹೀಗೆಯೇ, ದೀಪದ ಬದಲು ವಾಹಕತೆಯ ಮೀಟರ್ ಇಟ್ಟು.