ಎಂಟಲ್ಲ, ಅದು ನಾಲ್ಕು

ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನಲ್ಲಿ ಸಿಗುವ ಬಂಗಾಳಿ ಪುಸ್ತಕಗಳಲ್ಲಿ ಬೆಲೆಯನ್ನು ಬಂಗಾಳಿ ಅಂಕಿಗಳಲ್ಲೇ ಅಚ್ಚುಹಾಕುವ ರೂಢಿ ಉಂಟು. ಒಂದು ಪುಸ್ತಕದ ಮೇಲೆ ৪৭০ ಎಂದಿದೆ ಅನ್ನಿ. ಆ ಲಿಪಿ ಗೊತ್ತಿಲ್ಲದವರು ಅದನ್ನು 890 ಎಂದೇ ಓದುತ್ತಾರೆ. ನಿಜವಾದ ಬೆಲೆ 470 ರೂಪಾಯಿ. ಬಂಗಾಳಿಯ ನಾಲ್ಕು ನಮ್ಮ ಕಣ್ಣಿಗೆ 8ರ ಹಾಗಿದೆ, ಏಳು 9ರ ಹಾಗಿದೆ. ಸೊನ್ನೆ ಮಾತ್ರ ಸೊನ್ನೆಯೇ.

ಮೊಬೈಲಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದರೂ ಇದೇ ತಪ್ಪು ಆಗಬಹುದು. ಅನುವಾದಕ್ಕೂ ಮೊದಲು ತಂತ್ರಾಂಶ ಮಾಡಬೇಕಾದ ಕೆಲಸಗಳಿವೆ. ಚಿತ್ರದಲ್ಲಿ ಬರಹ ಎಲ್ಲಿದೆ ಎಂದು ಹುಡುಕಬೇಕು, ಅದು ಯಾವ ಲಿಪಿ ಎಂದು ತೀರ್ಮಾನಿಸಬೇಕು, ಆಮೇಲೆ ಒಂದೊಂದು ಆಕಾರವೂ ಯಾವ ಅಕ್ಷರ ಎಂದು ಗುರುತಿಸಬೇಕು. ಅನುವಾದದ ಸರದಿ ಇಷ್ಟಾದ ಮೇಲೆ. ಲಿಪಿಯ ತೀರ್ಮಾನದಲ್ಲೇ ಎಡವಿದರೆ ಅನುವಾದ ಎಷ್ಟು ಚೆನ್ನಾಗಿದ್ದರೂ ಬೆಲೆ ತಪ್ಪೇ.

ಪದಗಳಲ್ಲಿ ಇಂಥ ತಪ್ಪು ಬಹುಪಾಲು ತಾನಾಗಿಯೇ ತಿದ್ದಿಕೊಳ್ಳುತ್ತದೆ. ‘ಪುಸ್ತಕ’ದ ನಡುವಿನ ಒಂದು ಅಕ್ಷರ ಮಸುಕಾಗಿದ್ದರೂ ಅಕ್ಕಪಕ್ಕದವನ್ನು ನೋಡಿ ಊಹಿಸಬಹುದು, ಏಕೆಂದರೆ ಆ ಜಾಗದಲ್ಲಿ ಕೂರಬಲ್ಲ ಅಕ್ಷರಗಳು ಕೆಲವೇ. ಅಂಕಿಗಳಿಗೆ ಆ ಕಟ್ಟುಪಾಡಿಲ್ಲ. ನಾಲ್ಕರ ಪಕ್ಕ ಏಳು ಬರಬಹುದು, ಒಂಬತ್ತೂ ಬರಬಹುದು. 470 ಎಷ್ಟು ಸಹಜವಾದ ಬೆಲೆಯೋ 890 ಕೂಡ ಅಷ್ಟೇ ಸಹಜ. ಓದಿದ್ದು ತಪ್ಪು ಎಂದು ಆ ಸಂಖ್ಯೆಯನ್ನೇ ನೋಡಿ ಹೇಳಲಾಗುವುದಿಲ್ಲ.

ಸಂಖ್ಯೆಗೊಂದು ಗೊತ್ತಾದ ವಿನ್ಯಾಸವಿದ್ದರೂ ರಕ್ಷಣೆ ಖಾತ್ರಿಯಿಲ್ಲ. ಬಾಂಗ್ಲಾದೇಶದ ಮೊಬೈಲ್ ಸಂಖ್ಯೆಗಳಲ್ಲಿ ಹನ್ನೊಂದು ಅಂಕಿಗಳಿರುತ್ತವೆ, ಎಲ್ಲವೂ 01ರಿಂದ ಶುರುವಾಗುತ್ತವೆ. ಫಲಕದ ಮೇಲಿನ ০১৭ ಎಂಬ ಆರಂಭದಲ್ಲಿ ಏಳನ್ನು ಒಂಬತ್ತೆಂದು ಓದಿದರೆ 019 ಆಗುತ್ತದೆ. 017, 019 ಎರಡೂ ಅಲ್ಲಿ ಚಾಲ್ತಿಯಲ್ಲಿರುವ ಆರಂಭಗಳೇ. ಉದ್ದ ಸರಿ, ವಿನ್ಯಾಸ ಸರಿ. ಫೋನು ಮಾತ್ರ ಇನ್ಯಾರಿಗೋ ಹೋಗುತ್ತದೆ.

ಹಾಗಾದರೆ ಸುಳಿವು ಎಲ್ಲಿದೆ? ಮೊದಲನೆಯದು ಅದೇ ಸಾಲಿನ ಅಕ್ಷರಗಳು. ಬೆಲೆಯ ಎಡಕ್ಕೆ ಬಂಗಾಳಿಯಲ್ಲಿ ‘ಮೂಲ್ಯ’ ಎಂದಿದ್ದು ಬಲಕ್ಕೆ ‘ಟಾಕಾ’ ಎಂದಿದ್ದರೆ ನಡುವಿನ ಅಂಕಿಯೂ ಬಂಗಾಳಿಯದೇ ಇರುವ ಸಂಭವ ಹೆಚ್ಚು. ನಾವು ಬೆಲೆಯೊಂದನ್ನೇ ಹತ್ತಿರದಿಂದ ಕ್ಲಿಕ್ಕಿಸಿದರೆ ಈ ಸುಳಿವು ಚೌಕಟ್ಟಿನಾಚೆ ಉಳಿದುಬಿಡುತ್ತದೆ. ಅಂಕಿ ದೊಡ್ಡದಾಗಿ, ಸ್ಪಷ್ಟವಾಗಿ ಬಂದ ಫೋಟೋವೇ ಹೀಗೆ ಮೋಸ ಮಾಡಬಹುದು. ಎರಡನೆಯ ಸುಳಿವು ಅನುಮಾನಕ್ಕೆ ಎಡೆಯಿಲ್ಲದ ಅಂಕಿಗಳು. ಬಂಗಾಳಿಯ ೩, ೫, ೬ಗಳನ್ನು (৩, ৫, ৬) ಇಂಗ್ಲಿಷಿನ ಯಾವ ಅಂಕಿಯೆಂದೂ ತಿಳಿಯುವುದು ಕಷ್ಟ. ಸಾಲಿನಲ್ಲಿ ಅಂಥದ್ದೊಂದು ಸಿಕ್ಕಿದರೆ ಅದರ ಜೊತೆಯ ‘8’ ಬಹುತೇಕ ನಾಲ್ಕೇ. ಆದರೆ ಈ ತೀರ್ಮಾನವನ್ನು ಇಡೀ ಫಲಕಕ್ಕೆ ಹಚ್ಚುವಂತಿಲ್ಲ. ಬೆಲೆ ಬಂಗಾಳಿಯಲ್ಲಿ, ಕೆಳಗಿನ ಫೋನ್ ನಂಬರು ಇಂಗ್ಲಿಷಿನಲ್ಲಿ ಇರುವುದುಂಟು. ಸಾಲು ಸಾಲಾಗಿಯೇ ನೋಡಬೇಕು.

ದೇವನಾಗರಿಯಲ್ಲಿ ತೊಡಕು ಇಷ್ಟಿಲ್ಲ, ಆದರೂ ಅಲ್ಲಿನ ಒಂದು (१) 9ರಂತೆ ಕಾಣುತ್ತದೆ. १२० ಎಂಬುದು 920 ಆಗಲು ಅಷ್ಟು ಸಾಕು. ಕನ್ನಡ-ತೆಲುಗಿನ ಕಥೆ ಬೇರೆ: ಕನ್ನಡದ ೨ ಅನ್ನು ತೆಲುಗಿನ ౨ ಎಂದು ಯಂತ್ರ ತಪ್ಪು ತಿಳಿದರೂ ಬೆಲೆ ಎರಡೇ. ಒಂದೇ ಆಕಾರಕ್ಕೆ ಎರಡು ಲಿಪಿಗಳಲ್ಲಿ ಬೇರೆ ಬೇರೆ ಬೆಲೆಯಿದ್ದಾಗ ಮಾತ್ರ ಅಪಾಯ. ನಮ್ಮ ಅಂಕಿಗಳ ತಕರಾರು ಒಳಗಿನದು. ೧ರ ಕೆಳಗಿನ ತೆರಪು ಮಸುಕು ಚಿತ್ರದಲ್ಲಿ ಮುಚ್ಚಿಹೋದರೆ ಅದು ೦ ಆಗಿಬಿಡುತ್ತದೆ.

ಆಕಾರವನ್ನು ಸರಿಯಾಗಿ ಗುರುತಿಸಿದ ಮೇಲೆ ಉಳಿದದ್ದು ಸಲೀಸು. ಯೂನಿಕೋಡ್ ಸಂಕೇತದಲ್ಲಿ, ಸ್ಥಾನಬೆಲೆಯ ಅಂಕಿಗಳಿರುವ ಪ್ರತಿ ಲಿಪಿಯ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಸಾಲಾಗಿ ಕೂರಿಸಿದ್ದಾರೆ. ಬಂಗಾಳಿ ಸೊನ್ನೆಯ ಕ್ರಮಸಂಖ್ಯೆ 2534, ನಾಲ್ಕಿನದು 2538. ಕಳೆದರೆ ನಾಲ್ಕೇ ಉಳಿಯುತ್ತದೆ. ಹಾಗಾಗಿ ಪೈಥಾನ್ ಭಾಷೆಗೆ ಬಂಗಾಳಿ ಅಂಕಿಯನ್ನು ನೇರವಾಗಿ ಕೊಟ್ಟರೂ ಲೆಕ್ಕ ಸಿಗುತ್ತದೆ. ಚೀನೀ ಅಂಕಿ ಕೊಟ್ಟರೆ ಸಿಗುವುದಿಲ್ಲ:

```
>>> int("৪৭০")
470
>>> int("四百七十")
ValueError: invalid literal for int() with base 10: '四百七十'
```

ಎರಡನೆಯದೂ 470ನ್ನೇ ಹೇಳುತ್ತಿದೆ. ಆದರೆ ಅದು ಸ್ಥಾನಬೆಲೆಯ ಬರವಣಿಗೆಯಲ್ಲ. ನಾವು ‘ನಾಲ್ಕು ನೂರು ಏಳು ಹತ್ತು’ ಎಂದು ಅಕ್ಷರದಲ್ಲಿ ಬರೆದ ಹಾಗೆ. 四 ಎಂದರೆ ನಾಲ್ಕು, 百 ನೂರು, 七 ಏಳು, 十 ಹತ್ತು. ಗುಣಿಸಿ ಕೂಡಿದ ಮೇಲೆಯೇ ಸಂಖ್ಯೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 一百五 ಎಂದರೆ ನೂರಾ ಐದು ಎಂದು ತೋರುತ್ತದೆ, ಆದರೆ ಆಡುಮಾತಿನ ರೂಢಿಯಲ್ಲಿ ಅದು 150. ಕೊನೆಯ ‘ಹತ್ತು’ ಬಾಯಿಮಾತಿನಲ್ಲಿ ಬಿದ್ದುಹೋಗುತ್ತದೆ. 105 ಎನ್ನಬೇಕಾದರೆ ನಡುವೆ ಸೊನ್ನೆಯ ಅಕ್ಷರ ಸೇರಿಸಿ 一百零五 ಎಂದು ಬರೆಯಬೇಕು. ಆ 零 ಅಕ್ಷರದ ಮೇಲೆ ಬೆಳಕು ಪ್ರತಿಫಲಿಸಿ ಯಂತ್ರ ಅದನ್ನು ಬಿಟ್ಟುಬಿಟ್ಟರೆ 105 ಹೋಗಿ 150 ಆಗುತ್ತದೆ. ಉಳಿದ ಮೂರೂ ಅಕ್ಷರಗಳನ್ನು ಅದು ಸರಿಯಾಗಿಯೇ ಓದಿರುತ್ತದೆ.

ಮೇಲಿನಿಂದ ಕೆಳಕ್ಕೆ ಬರೆದಾಗ ಕಷ್ಟ ಇನ್ನೂ ಹೆಚ್ಚು. ಚೀನೀ ಒಂದು ಎಂದರೆ ಒಂದು ಅಡ್ಡಗೆರೆ (一), ಎರಡು ಎಂದರೆ ಎರಡು ಗೆರೆ (二), ಮೂರು ಎಂದರೆ ಮೂರು (三). 2021ನೇ ಇಸವಿಯನ್ನು 二〇二一 ಎಂದು ಲಂಬವಾಗಿ ಬರೆದರೆ ಕೊನೆಯ ಎರಡು ಅಕ್ಷರಗಳು ಒಂದರ ಕೆಳಗೊಂದು ನಿಂತು ಮೂರು ಗೆರೆಗಳಾಗುತ್ತವೆ. ಯಂತ್ರ ಅದನ್ನು ಒಂದೇ 三 ಎಂದುಕೊಂಡರೆ ಇಸವಿ 203 ಆಗುತ್ತದೆ. ಬೇರ್ಪಡಿಸುವ ಸುಳಿವು ಗೆರೆಗಳ ಉದ್ದದಲ್ಲಿದೆ. ಮೂರರಲ್ಲಿ ನಡುವಿನ ಗೆರೆಯೇ ಎಲ್ಲಕ್ಕಿಂತ ಗಿಡ್ಡ. ಎರಡರ ಕೆಳಗೆ ಒಂದು ಬಂದಾಗ ಮೇಲಿನದು ಗಿಡ್ಡ, ಉಳಿದೆರಡೂ ಉದ್ದ. ಜೊತೆಗೆ ಚೀನೀ ಅಕ್ಷರಗಳೆಲ್ಲ ಸಮಾನ ಚೌಕಗಳಲ್ಲಿ ಕೂರುತ್ತವೆ. ಆ ಮೂರು ಗೆರೆಗಳು ಎರಡು ಚೌಕದಷ್ಟು ಎತ್ತರಕ್ಕೆ ಹರಡಿದ್ದರೆ ಅಲ್ಲಿರುವುದು ಎರಡು ಅಕ್ಷರ. ಕೈಬರಹದ ಮೆನು ಹಲಗೆಯಲ್ಲಿ ಈ ಅಳತೆಗಳನ್ನು ಯಾರು ಪಾಲಿಸುತ್ತಾರೆ ಎನ್ನುವುದು ಬೇರೆ ಮಾತು. ಜಪಾನಿನಲ್ಲಿ ಒಂದು ಹೆಚ್ಚಿನ ತಾಪತ್ರಯವೂ ಇದೆ: ಎಂಟರ 八 ಮತ್ತು ‘ಹ’ ಧ್ವನಿಯ ハ ಕಾಣಲು ಹೆಚ್ಚುಕಡಿಮೆ ಒಂದೇ.

ಅನುವಾದ ತಂತ್ರಾಂಶಗಳ ಒಂದು ಅಭ್ಯಾಸ ನನಗೆ ಹಿಡಿಸುವುದಿಲ್ಲ. ಮೂಲ ಬರಹವನ್ನು ಅಳಿಸಿ, ಅದೇ ಜಾಗದಲ್ಲಿ ಅನುವಾದವನ್ನು ಅಂಟಿಸುತ್ತವೆ. ಪದಗಳಿಗೆ ಅದು ಸರಿ. ಸಂಖ್ಯೆಗಳ ವಿಷಯದಲ್ಲಿ ಮಾತ್ರ ಹೋಲಿಸಿ ನೋಡಲು ನಮಗೆ ಬೇಕಾದದ್ದೇ ಮರೆಯಾಗಿರುತ್ತದೆ. ಸೌದಿ ಅರೇಬಿಯಾದ ವಾಹನ ಫಲಕಗಳಲ್ಲಿ ಇದಕ್ಕೆ ತದ್ವಿರುದ್ಧ ವ್ಯವಸ್ಥೆ: ಮೇಲೆ ಅರಬ್ಬಿ ಅಂಕಿಗಳು, ಕೆಳಗೆ ಅದೇ ಸಂಖ್ಯೆ ಇಂಗ್ಲಿಷ್ ಅಂಕಿಗಳಲ್ಲಿ. ಅರಬ್ಬಿಯ ಐದು (٥) ಸೊನ್ನೆಯಂತೆ, ಆರು (٦) 7ರಂತೆ, ಸೊನ್ನೆ (٠) ಬರೀ ಚುಕ್ಕೆಯಂತೆ ಕಾಣುವುದರಿಂದ ಆ ಎರಡನೇ ಸಾಲು ಓದುವವರಿಗೂ ಕ್ಯಾಮೆರಾಕ್ಕೂ ಆಸರೆ.

ಚೀನೀಯರು ಕ್ಯಾಮೆರಾ ಬರುವುದಕ್ಕೆ ಬಹಳ ಮುಂಚೆಯೇ ಬೇರೆ ದಾರಿ ಕಂಡುಕೊಂಡಿದ್ದರು. 一ಗೆ ಒಂದು ಗೆರೆ ಎಳೆದರೆ 二, ಇನ್ನೊಂದು ಎಳೆದರೆ 三; 十ರ ತಲೆಯ ಮೇಲೊಂದು ಗೀಟು ಹಾಕಿದರೆ 千, ಅಂದರೆ ಸಾವಿರ. ಮೋಸಕ್ಕೆ ಇಷ್ಟು ಸುಲಭದ ಅಂಕಿಗಳನ್ನು ಚೆಕ್ಕಿನ ಮೇಲೆ ಬರೆಯುವಂತಿಲ್ಲ. ಅದಕ್ಕೆಂದೇ 壹, 贰, 叁, 拾, 仟 ಎಂಬ ತೊಡಕಿನ ರೂಪಗಳಿವೆ. ಕೈಯಿಂದ ಬರೆಯುವವರಿಗೆ ಇವು ಹೊರೆಯೇ. ಯಂತ್ರಕ್ಕೆ ಮಾತ್ರ ಇವು ಹಗುರ: ಒಂದು ಗೆರೆ ಮಸುಕಾದರೂ 壹 ಎಂಬುದು 贰 ಆಗುವುದಿಲ್ಲ, ಲಂಬವಾಗಿ ಬರೆದರೂ ಎರಡು ಸೇರಿ ಮೂರಾಗುವುದಿಲ್ಲ.