ಸೀಲು ಇದ್ದ ಮಾತ್ರಕ್ಕೆ ಚೀಟಿ ಅಸಲಿಯಲ್ಲ

"ಡಾಕ್ಟರ್ ಸೀಲೇ ಇದೆಯಲ್ಲ ಸಾರ್, ಇನ್ನೇನು ಬೇಕು?" ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸುತ್ತಲ ಮೆಡಿಕಲ್ ಶಾಪ್‌ಗಳಲ್ಲಾಗಲಿ, ಕೆ.ಆರ್. ಪುರದ ಅಂಗಡಿಗಳಲ್ಲಾಗಲಿ, ಔಷಧ ಚೀಟಿಯ ಫೋಟೊ ಇರುವ ಮೊಬೈಲನ್ನು ಕೌಂಟರಿನ ಮೇಲೆ ಚಾಚಿ ಜನ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಆದರೆ ಸೀಲೇ ಸಾಕ್ಷಿ ಎಂಬ ನಂಬಿಕೆ ಪೂರ್ತಿ ತಪ್ಪು, ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ.

1945ರ ಔಷಧ ನಿಯಮಗಳ 65ನೇ ನಿಯಮ ಚೀಟಿಯಲ್ಲಿ ಏನಿರಬೇಕೆಂದು ಹೇಳುತ್ತದೆ: ವೈದ್ಯರ ಎಂದಿನ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಔಷಧದ ಒಟ್ಟು ಪ್ರಮಾಣ, ತೆಗೆದುಕೊಳ್ಳಬೇಕಾದ ಡೋಸು. ಸೀಲಿನ ಮಾತು ಅಲ್ಲಿಲ್ಲ. ರಬ್ಬರ್ ಸ್ಟಾಂಪನ್ನು ಯಾರು ಬೇಕಾದರೂ ಮಾಡಿಸಬಹುದು. ಚಿತ್ರದಲ್ಲಾದರೆ ಅದೂ ಬೇಡ, ಹಳೆಯ ಚೀಟಿಯಿಂದ ಕತ್ತರಿಸಿ ಅಂಟಿಸಿದರಾಯಿತು.

ಅಂಟಿಸಿದ ಸೀಲು ಗೊತ್ತಾಗುವುದು ಹೀಗೆ. ಮಡಚಿದ ಕಾಗದದ ಫೋಟೊದಲ್ಲಿ ಮಡಿಕೆಯ ನೆರಳು ಅಕ್ಷರಗಳ ಮೇಲೆ ಹಾದುಹೋಗಿರುತ್ತದೆ. ಅದೇ ನೆರಳು ಸೀಲಿನ ಹತ್ತಿರ ಬಂದು ನಿಂತುಬಿಟ್ಟು, ಆಚೆ ಬದಿಯಲ್ಲಿ ಮತ್ತೆ ಶುರುವಾದರೆ ಅನುಮಾನ ಪಡಬೇಕು. ಕಾಗದ ಓರೆಯಾಗಿದ್ದು ಸೀಲು ಮಾತ್ರ ನೆಟ್ಟಗಿದ್ದರೂ ಅಷ್ಟೇ. ನಿಜವಾದ ಸೀಲಿನಲ್ಲಿ ಶಾಯಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಸಹಿಯ ಗೆರೆಯೊಂದಿಗೆ ಬೆರೆತಿರುತ್ತದೆ. ಅಂಟಿಸಿದ್ದರ ಸುತ್ತ ಎಷ್ಟೋ ಸಲ ಬಿಳಿಚಿದ ಅಂಚು ಉಳಿದಿರುತ್ತದೆ. ಆದರೆ ಮಸುಕಾಗಿದೆ ಎಂಬುದೊಂದೇ ಸಾಕ್ಷಿಯಲ್ಲ. ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿದ ಅಸಲಿ ಚೀಟಿಯೂ ಮಸುಕಾಗುತ್ತದೆ, ಸ್ಕ್ಯಾನ್ ಆ್ಯಪ್‌ನಲ್ಲಿ ತೆಗೆದರೆ ನೆರಳೇ ಮಾಯವಾಗುತ್ತದೆ.

ಅದಕ್ಕೇ ಔಷಧ ಅಂಗಡಿಯವರಾದ ನಾವು ಚಿತ್ರಕ್ಕಿಂತ ಮೊದಲು ಲೆಕ್ಕ ನೋಡುತ್ತೇವೆ. ಆಲ್ಪ್ರಜೋಲಾಮ್ 0.25 ಮಿ.ಗ್ರಾಂ, 0-0-1, ಅಂದರೆ ರಾತ್ರಿ ಒಂದು ಮಾತ್ರೆ, 30 ದಿನ ಎಂದು ಬರೆದ ಚೀಟಿ ಬಂತೆನ್ನಿ. ಕೆಳಗೆ ಒಟ್ಟು 10 ಮಾತ್ರೆ ಎಂದಿದೆ, ಹತ್ತು ದಿನ ಬಿಟ್ಟು ಬರಬೇಕು ಎಂದೂ ಇದೆ. ಹತ್ತು ದಿನಕ್ಕೆ ವಾಪಸ್ ಕರೆಯುವ ವೈದ್ಯರು ನಿದ್ದೆ ತರಿಸುವ ಇಂಥ ಮಾತ್ರೆಯನ್ನು ತಿಂಗಳಿಗೆ ಏಕೆ ಬರೆಯುತ್ತಾರೆ? 10ರ 1 ಅನ್ನು 3 ಮಾಡಿದ ಕೈ ಕೆಳಗಿನ ಸಾಲನ್ನು ಮರೆತಿರಬೇಕು. ವೈದ್ಯರೇ ತಿದ್ದಿದ್ದರೆ ತಿದ್ದಿದ ಕಡೆ ಚಿಕ್ಕ ಸಹಿ ಹಾಕುವುದು ವಾಡಿಕೆ. ಇಲ್ಲಿ ಅದಿಲ್ಲ.

ಇಷ್ಟಾದರೂ ಅದು ಅನುಮಾನವೇ. ತೀರ್ಮಾನಕ್ಕೆ ಕ್ಲಿನಿಕ್ಕಿಗೆ ಫೋನು ಮಾಡಬೇಕು, ಅದೂ ಚೀಟಿಯಲ್ಲಿರುವ ನಂಬರಿಗಲ್ಲ, ಬೇರೆ ಕಡೆಯಿಂದ ಹುಡುಕಿದ ನಂಬರಿಗೆ. ನಕಲಿ ಲೆಟರ್‌ಹೆಡ್ಡಿನ ನಂಬರನ್ನು ಎತ್ತುವವನೂ ನಕಲಿಯೇ ಆಗಿರಬಹುದು. ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿದರೆ ಆ ವೈದ್ಯರು ಇದ್ದಾರೆ ಎಂದಷ್ಟೇ ತಿಳಿಯುತ್ತದೆ, ಈ ಚೀಟಿ ಬರೆದವರು ಅವರೇ ಎಂದಲ್ಲ.

ಅರ್ಥವಾಗದ ಕೈಬರಹವಿದ್ದರೆ ಅಸಲಿ ಎಂಬುದೂ, ಕಂಪ್ಯೂಟರಿನಲ್ಲಿ ಅಚ್ಚಾದದ್ದನ್ನು ತಿದ್ದಲಾಗದು ಎಂಬುದೂ ಬುಡವಿಲ್ಲದ ಮಾತು. "ದಿನ ಮಾತ್ರ ಜಾಸ್ತಿ ಮಾಡಿದ್ದು, ಡಾಕ್ಟರ್ ಹೇಗಿದ್ದರೂ ಇದನ್ನೇ ಬರೆಯುತ್ತಾರೆ" ಎನ್ನುವವರೂ ಇದ್ದಾರೆ. ಅದು ಫೋರ್ಜರಿಯೇ.

ಮೂಲ ಕಾಗದ ಕೇಳಿದರೆ ಅಂಗಡಿಯವರು ಹಟ ಮಾಡುತ್ತಾರೆ ಎಂದು ಜನ ಬೈಯುತ್ತಾರೆ. ಕೇಳುವುದಕ್ಕೆ ಕಾರಣವಿದೆ. ಔಷಧ ಕೊಟ್ಟ ಅಂಗಡಿ ತನ್ನ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ, ವೈದ್ಯರ ಸಹಿಗಿಂತ ಮೇಲ್ಗಡೆ, ಬರೆಯಬೇಕೆಂದು ಅದೇ 65ನೇ ನಿಯಮ ಹೇಳುತ್ತದೆ. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ ಒಂದೇ ಸಲ ಕೊಡಬೇಕು. ಮೊಬೈಲಿನ ಚಿತ್ರದ ಮೇಲೆ ಬರೆಯುವುದೆಲ್ಲಿ? ಅಸಲಿ ಚೀಟಿಯದೇ ಒಂದು ಫೋಟೊ ಬೆಳಿಗ್ಗೆ ಹಲಸೂರಿನಲ್ಲಿ, ಮಧ್ಯಾಹ್ನ ಇಂದಿರಾನಗರದಲ್ಲಿ, ಸಂಜೆ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದಲ್ಲಿ ಮಾತ್ರೆ ತರಬಲ್ಲದು. ಆಲ್ಪ್ರಜೋಲಾಮ್ ಎಚ್1 ಪಟ್ಟಿಯಲ್ಲಿರುವುದರಿಂದ ವೈದ್ಯರ ಮತ್ತು ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೆ ನನ್ನ ರಿಜಿಸ್ಟರು ಪಕ್ಕದ ಬೀದಿಯ ಅಂಗಡಿಯವರಿಗೆ ಕಾಣುವುದಿಲ್ಲ.

ವಿಡಿಯೊ ಕಾಲ್‌ನಲ್ಲಿ ನೋಡಿದ ವೈದ್ಯರು ಸಹಿ ಮಾಡಿದ ಚೀಟಿಯ ಫೋಟೊವನ್ನು ರೋಗಿಗೆ ಕಳಿಸಬಹುದೆಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ, ನಿಜ. ಹಾಗೆಂದು ಎಲ್ಲ ಔಷಧವನ್ನೂ ಹಾಗೆ ಬರೆಯುವಂತಿಲ್ಲ. ಎದುರಿಗೆ ಕೂತು ಪರೀಕ್ಷಿಸಿದ ವೈದ್ಯರ ಚೀಟಿಯಾದರೆ ಕಾಗದ ಮನೆಯಲ್ಲೇ ಇರುತ್ತದೆ, ತರಲು ಏನು ಕಷ್ಟ?

ಕೊಡುವುದಿಲ್ಲ ಎಂದಷ್ಟೇ ಹೇಳಿ ಕಳಿಸಿದರೂ ಸಾಲದು. ತಿಂಗಳುಗಟ್ಟಲೆ ಆಲ್ಪ್ರಜೋಲಾಮ್ ನುಂಗಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅಂಥವರನ್ನು ಅದೇ ದಿನ ವೈದ್ಯರ ಬಳಿ ಹೋಗಲು ಹೇಳಬೇಕು. ಡೋಸನ್ನು ಹಂತಹಂತವಾಗಿ ಇಳಿಸುವುದು ಅವರ ಕೆಲಸ.