ಬಾಕಿ ಬಿಲ್ಲಿಗೆ ಮೂರು ಪತ್ರ

ಸಾಲದ ಮೇಲೆ ಮಾಲು ಕೊಟ್ಟವರು ಗಡುವು ಮೀರಿದ ಬಿಲ್ಲಿಗೆ ಹಣ ಕೇಳಿ ಬರೆಯುವ ಪತ್ರಗಳು ಸಾಮಾನ್ಯವಾಗಿ ಮೂರು. ಮೂರೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಅದು ವ್ಯಾಪಾರದ ರೂಢಿ. ಮೊದಲನೆಯದು ಬಿಲ್ಲನ್ನು ನೆನಪಿಸುತ್ತದೆ, ಎರಡನೆಯದು ಹಣ ಬರುವ ದಿನಾಂಕ ಕೇಳುತ್ತದೆ, ಮೂರನೆಯದು ದಿನಾಂಕವನ್ನು ತಾನೇ ಗೊತ್ತುಮಾಡಿ, ಅದು ದಾಟಿದರೆ ಏನಾಗುತ್ತದೆಂದು ತಿಳಿಸುತ್ತದೆ. ಪತ್ರ ಬಿಗಿಯಾಗುವುದು ಈ ಕ್ರಮದಿಂದಲೇ. ದನಿ ಏರಿಸಿ ಬಿಗಿ ತರಲು ಹೋದವರ ಪತ್ರಗಳು ಜಗಳಕ್ಕೆ ದಾರಿಯಾಗುತ್ತವೆ, ವಸೂಲಿಗೆ ಅಷ್ಟಾಗಿ ಅಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಪೀಣ್ಯದ ಒಂದು ಚಿಕ್ಕ ಘಟಕ ಬೊಮ್ಮಸಂದ್ರದ ಪ್ಯಾನೆಲ್ ಬೋರ್ಡ್ ತಯಾರಕರಿಗೆ ಉಕ್ಕಿನ ಬ್ರಾಕೆಟ್‌ಗಳನ್ನು ಕೊಟ್ಟಿದೆ ಎಂದುಕೊಳ್ಳೋಣ. ಮಾಲಿನ ಬೆಲೆ 2,00,000 ರೂಪಾಯಿ, ಶೇ 18ರ ಜಿಎಸ್‌ಟಿ 36,000, ಒಟ್ಟು 2,36,000. ಬಿಲ್ಲೂ ಮಾಲೂ ತಲುಪಿದ್ದು ಜೂನ್ 3ರಂದು. ಪರ್ಚೇಸ್ ಆರ್ಡರ್‌ನಲ್ಲಿ 30 ದಿನದ ಸಾಲವೆಂದಿದೆ. ಹಾಗಾಗಿ ಹಣ ಬರಬೇಕಾದದ್ದು ಜುಲೈ 3ಕ್ಕೆ, ಬಂದಿಲ್ಲ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಘಟಕವಾದರೆ ಜೂನ್ ತಿಂಗಳ ಜಿಎಸ್‌ಟಿಯನ್ನು ಜುಲೈ 20ರೊಳಗೆ ಕಟ್ಟಲೇಬೇಕು. ಅಂದರೆ ಮಾಲಿನ ದುಡ್ಡು ಕೈಸೇರುವ ಮೊದಲೇ 36,000 ರೂಪಾಯಿ ಕೈಯಿಂದ ಹೋಗುತ್ತದೆ. ಸಣ್ಣ ಘಟಕಗಳಿಗೆ ಬಾಕಿ ಬಿಲ್ಲು ದುಪ್ಪಟ್ಟು ಭಾರವಾಗುವುದು ಇಲ್ಲಿ.

ಮೊದಲ ಪತ್ರ ಗಡುವು ಮೀರಿದ ನಾಲ್ಕೈದು ದಿನದಲ್ಲಿ ಹೋಗಬೇಕು. ಸಂಕೋಚದಿಂದ ತಿಂಗಳು ತಳ್ಳಿದರೆ ಈ ಬಿಲ್ಲಿಗೆ ಅವಸರವಿಲ್ಲ ಎಂದು ಎದುರಿನವರ ಅಕೌಂಟ್ಸ್ ವಿಭಾಗ ತಿಳಿಯುತ್ತದೆ. ಈ ಹಂತದಲ್ಲಿ ಹಣ ನಿಂತಿರುವುದಕ್ಕೆ ಕಾರಣ ಬಹುಪಾಲು ಕಾಗದದ್ದೇ. ಬಿಲ್ಲಿನ ಮೇಲೆ ಆರ್ಡರ್ ನಂಬರ್ ಇರುವುದಿಲ್ಲ, ಸ್ಟೋರ್ಸ್‌ನವರು ಮಾಲು ಬಂದದ್ದನ್ನು ಎಂಟ್ರಿ ಮಾಡಿರುವುದಿಲ್ಲ, ಇಲ್ಲವೇ ಬಿಲ್ಲು ಜಿಎಸ್‌ಟಿ ಪೋರ್ಟಲ್‌ನ GSTR-2B ಯಲ್ಲಿ ಕಾಣುವವರೆಗೆ ಪಾವತಿ ತಡೆದಿರುತ್ತಾರೆ. ಆದ್ದರಿಂದ ಮೊದಲ ಪತ್ರ ಯಾರನ್ನೂ ದೂರದೆ, ಬಿಲ್ಲು ಪಾಸ್ ಮಾಡಲು ಬೇಕಾದುದೆಲ್ಲವನ್ನೂ ಒಂದೇ ಕಡೆ ಒದಗಿಸಬೇಕು. ಜುಲೈ 8ರ ಪತ್ರ ಹೀಗಿರಬಹುದು:

“ಮಾನ್ಯರೇ, ನಿಮ್ಮ ಆರ್ಡರ್ ಪ್ರಕಾರ ಜೂನ್ 3ರಂದು ಕಳುಹಿಸಿದ ಬ್ರಾಕೆಟ್‌ಗಳ ಬಿಲ್ ಮೊತ್ತ ರೂ. 2,36,000 ಜುಲೈ 3ಕ್ಕೆ ಪಾವತಿಯಾಗಬೇಕಿತ್ತು. ನಮ್ಮ ಖಾತೆಗೆ ಇನ್ನೂ ಜಮಾ ಆಗಿಲ್ಲ. ಬಿಲ್, ಆರ್ಡರ್ ಮತ್ತು ನಿಮ್ಮ ಸ್ಟೋರ್ಸ್‌ನ ಸೀಲ್ ಇರುವ ಡೆಲಿವರಿ ಚಲನ್‌ನ ಪ್ರತಿಗಳನ್ನೂ ಬ್ಯಾಂಕ್ ವಿವರವನ್ನೂ ಲಗತ್ತಿಸಿದೆ. ಬಿಲ್ ಪಾಸ್ ಆಗಲು ಬೇರೇನಾದರೂ ಬೇಕಿದ್ದರೆ ತಿಳಿಸಿ. ಈಗಾಗಲೇ ಪಾವತಿ ಮಾಡಿದ್ದರೆ ಯುಟಿಆರ್ ನಂಬರ್ ಕಳುಹಿಸಿ.”

ಇಷ್ಟು ಸಾಕು. ‘ದಯವಿಟ್ಟು ಕ್ಷಮಿಸಿ, ತೊಂದರೆ ಕೊಡುತ್ತಿದ್ದೇವೆ’ ಎಂಬ ಮಾತು ಇಲ್ಲಿ ಬೇಡ. ಸಲ್ಲಬೇಕಾದ ಹಣ ಕೇಳುವುದು ತೊಂದರೆ ಕೊಟ್ಟಂತಲ್ಲ.

ಪತ್ರ ತಲುಪಿದ ಮೇಲೆ ಫೋನ್ ಮಾಡಿದರೆ ಬರುವ ಉತ್ತರಗಳು ಎಲ್ಲರಿಗೂ ಗೊತ್ತಿರುವಂಥವು. “ಚೆಕ್ ರೆಡಿ ಇದೆ, ಸಾಹೇಬ್ರು ಸೈನ್ ಹಾಕ್ಬೇಕು ಅಷ್ಟೆ.” “ಮುಂದಿನ ವಾರ ಖಂಡಿತ ಆಗುತ್ತೆ ಸರ್.” ಇಂಥ ಮಾತನ್ನು ಗಾಳಿಗೆ ಬಿಡದೆ, ಅದೇ ದಿನ ಎರಡು ಸಾಲಿನ ಇಮೇಲ್ ಹಾಕುವುದು ಒಳ್ಳೆಯದು: ‘ಇಂದು ಫೋನ್‌ನಲ್ಲಿ ಮಾತಾಡಿದಂತೆ ಜುಲೈ 18ರೊಳಗೆ ಪಾವತಿ ಮಾಡುವುದಾಗಿ ತಿಳಿಸಿದ್ದೀರಿ.’ ಎರಡನೆಯ ಪತ್ರಕ್ಕೆ ಬೇಕಾದ ಆಧಾರ ಅಲ್ಲಿಂದಲೇ ಸಿಗುತ್ತದೆ.

ಎರಡನೆಯ ಪತ್ರ ಮೊದಲನೆಯದರ ನಂತರ ಸುಮಾರು ಎರಡು ವಾರಕ್ಕೆ, ಈ ಉದಾಹರಣೆಯಲ್ಲಿ ಜುಲೈ 23ಕ್ಕೆ. ಇದರಲ್ಲಿ ವಿಳಾಸ ಬದಲಾಗುತ್ತದೆ. ಬಿಲ್ ಎಂಟ್ರಿ ಮಾಡುವವರ ಬದಲು ಅಕೌಂಟ್ಸ್ ಮುಖ್ಯಸ್ಥರಿಗೆ ಬರೆದು, ಆರ್ಡರ್ ಕೊಟ್ಟ ಪರ್ಚೇಸ್ ಮ್ಯಾನೇಜರ್‌ಗೂ ಪ್ರತಿ ಕಳುಹಿಸಬೇಕು. ಮುಂದಿನ ಮಾಲು ಬೇಕಾಗಿರುವುದು ಅವರಿಗೇ ಆದ್ದರಿಂದ ಒಳಗಿನಿಂದ ಒತ್ತಡ ಬರುವುದೂ ಅವರ ಕಡೆಯಿಂದಲೇ.

“ಜುಲೈ 8ರ ನಮ್ಮ ಪತ್ರಕ್ಕೂ ಜುಲೈ 18ರೊಳಗೆ ಪಾವತಿ ಮಾಡುವುದಾಗಿ ನೀವು ಹೇಳಿದ್ದಕ್ಕೂ ಸಂಬಂಧಿಸಿ ಬರೆಯುತ್ತಿದ್ದೇವೆ. ರೂ. 2,36,000 ಗಡುವು ಮೀರಿ ಇಂದಿಗೆ 20 ದಿನವಾಯಿತು. ಮಾಲಿನ ಬಗ್ಗೆ ನಿಮ್ಮಿಂದ ಲಿಖಿತ ಆಕ್ಷೇಪ ಬಂದಿಲ್ಲ. ಯಾವ ದಿನಾಂಕಕ್ಕೆ ಪಾವತಿ ಮಾಡುವಿರೆಂದು ಜುಲೈ 30ರೊಳಗೆ ಬರವಣಿಗೆಯಲ್ಲಿ ತಿಳಿಸಿ. ಲಗತ್ತಿಸಿದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ, ಸೀಲ್ ಹಾಕಿ ಕಳುಹಿಸಿ. ಈ ಬಾಕಿ ತೀರುವವರೆಗೆ ಹೊಸ ಆರ್ಡರ್‌ಗಳನ್ನು ಮುಂಗಡ ಪಾವತಿಯ ಮೇಲೆ ಮಾತ್ರ ಪೂರೈಸಲಾಗುವುದು. ನಮ್ಮದು ಉದ್ಯಮ್ ನೋಂದಣಿ ಇರುವ ಕಿರು ಉತ್ಪಾದನಾ ಘಟಕ, ನೋಂದಣಿ ಪತ್ರದ ಪ್ರತಿ ಜೊತೆಗಿದೆ.”

ಕೊನೆಯ ವಾಕ್ಯದಲ್ಲಿ ಬೆದರಿಕೆಯ ಒಂದು ಪದವೂ ಇಲ್ಲ, ಆದರೂ ಲೆಕ್ಕಪತ್ರ ಬಲ್ಲವರಿಗೆ ಪತ್ರದಲ್ಲಿ ತೂಕದ ಮಾತು ಅದೇ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕಾನೂನಿನ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ನಿಜಕ್ಕೂ ಪಾವತಿಸಿದ ವರ್ಷದಲ್ಲಷ್ಟೇ ತೋರಿಸಬಹುದು. ಆದಾಯ ತೆರಿಗೆಯ ಈ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಗೆ ಬಂತು. ಮಾರ್ಚ್ ಹತ್ತಿರವಾದಂತೆ ಹಳೆಯ ಬಾಕಿಗಳು ತಾವಾಗಿಯೇ ಚುಕ್ತಾ ಆಗತೊಡಗುವುದಕ್ಕೆ ಇದೂ ಒಂದು ಕಾರಣ. ಜಿಎಸ್‌ಟಿಯಲ್ಲೂ ಒಂದು ಕಟ್ಟಿದೆ: ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಕೊಳ್ಳುವವರು ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಬೇಕು.

ಆಕ್ಷೇಪ ಬಂದಿಲ್ಲ ಎಂಬ ಸಾಲನ್ನೂ ಬಿಡಬಾರದು. ಹಣ ಕೇಳಿದ ಮೇಲೆ ‘ಬ್ರಾಕೆಟ್‌ನ ತೂತು ಸರಿ ಕೂರುತ್ತಿಲ್ಲ’ ಎಂಬ ದೂರು ಹುಟ್ಟಿಕೊಳ್ಳುವುದು ಅಪರೂಪವಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಮಾಲನ್ನು ಒಪ್ಪಿಕೊಂಡಂತೆ. ಹಾಗೆಂದು ದೂರು ನಿಜವಾಗಿದ್ದರೆ ನೆನಪಿನ ಪತ್ರ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಮೊದಲು ಮಾಲು ನೋಡಿ ಬರಬೇಕು, ತಕರಾರಿಲ್ಲದ ಭಾಗದ ಹಣವನ್ನು ಬೇರೆಯಾಗಿ ಕೇಳಬೇಕು.

ಮೂರನೆಯ ಪತ್ರ ಬರೆಯುವಾಗ ಓದುಗರು ಇಬ್ಬರು. ಒಬ್ಬರು ಕೊಳ್ಳುವ ಸಂಸ್ಥೆಯ ಮಾಲೀಕರು, ಇನ್ನೊಬ್ಬರು ಮುಂದೆ ಈ ಕಡತ ತೆರೆಯಬಹುದಾದ ಅಪರಿಚಿತ ಅಧಿಕಾರಿ. ಆ ಅಧಿಕಾರಿಗೆ ಹಿನ್ನೆಲೆ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಆರ್ಡರ್, ಬಿಲ್ಲು, ಡೆಲಿವರಿ, ಗಡುವು, ಹಿಂದಿನ ಎರಡು ಪತ್ರ, ಇವೆಲ್ಲ ದಿನಾಂಕದ ಸಾಲಿನಲ್ಲಿ ಬರಬೇಕು. ಆಮೇಲೆ ಬಡ್ಡಿ.

ಬಡ್ಡಿಯ ಲೆಕ್ಕ ಬಹಳ ಜನ ತಪ್ಪುವ ಕಡೆ. ಮೇಲಿನ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ದಿನದೊಳಗೆ ಹಣ ಕೊಡಬೇಕು, ಆದರೆ ಅದು 45 ದಿನ ಮೀರುವಂತಿಲ್ಲ. ಆರ್ಡರ್‌ನಲ್ಲಿ 90 ದಿನ ಎಂದು ಬರೆದುಕೊಂಡರೂ 45ಕ್ಕೇ ನಿಲ್ಲುತ್ತದೆ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಅದು ಮೀರಿದರೆ 16ನೇ ಸೆಕ್ಷನ್ನಿನಂತೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇದು ರೆಪೋ ದರವಲ್ಲ, ಬ್ಯಾಂಕ್ ದರ, ಆಗಾಗ ಬದಲಾಗುತ್ತದೆ. ಲೆಕ್ಕ ತೋರಿಸಲು ಅದು ಶೇ 6 ಎಂದುಕೊಂಡರೆ ಬಡ್ಡಿ ವರ್ಷಕ್ಕೆ ಶೇ 18, ತಿಂಗಳಿಗೆ ಒಂದೂವರೆ. ಜುಲೈ 4ರಿಂದ ಆಗಸ್ಟ್ 3ರವರೆಗೆ 3,540 ರೂಪಾಯಿ. ಎರಡನೆಯ ತಿಂಗಳು 2,39,540ರ ಮೇಲೆ 3,593. ಸೆಪ್ಟೆಂಬರ್ 3ಕ್ಕೆ ಒಟ್ಟು ಬಾಕಿ 2,43,133. ಈ ಮೊತ್ತ ದೊಡ್ಡದೇನಲ್ಲ, ಆದರೆ ಅಂಕಿಯಲ್ಲಿ ಬರೆದ ಬಡ್ಡಿಗೆ ‘ಬಡ್ಡಿ ಹಾಕಲಾಗುವುದು’ ಎಂಬ ಮಾತಿಗಿಲ್ಲದ ಗಂಭೀರತೆ ಇರುತ್ತದೆ. ಆಗಸ್ಟ್ 20ರ ಪತ್ರದ ಮುಖ್ಯ ಭಾಗ:

“ಅಸಲು ರೂ. 2,36,000 ಮತ್ತು ಎಂಎಸ್‌ಎಂಇಡಿ ಕಾಯ್ದೆಯ ಸೆಕ್ಷನ್ 16ರಂತೆ ಸೆಪ್ಟೆಂಬರ್ 3ರವರೆಗಿನ ಬಡ್ಡಿ ರೂ. 7,133, ಒಟ್ಟು ರೂ. 2,43,133ನ್ನು ಸೆಪ್ಟೆಂಬರ್ 3ರೊಳಗೆ ಪಾವತಿಸಬೇಕು. ಪೂರ್ಣ ಅಸಲು ಆಗಸ್ಟ್ 31ರೊಳಗೆ ನಮ್ಮ ಖಾತೆಗೆ ಬಂದರೆ ಮಾತ್ರ ಬಡ್ಡಿ ಬಿಡಲಾಗುವುದು. ತಪ್ಪಿದಲ್ಲಿ ಬೇರೆ ಸೂಚನೆ ಇಲ್ಲದೆ ಸೆಕ್ಷನ್ 18ರಂತೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸುತ್ತೇವೆ.”

ಬಡ್ಡಿ ಬಿಡುವ ಮಾತಿಗೆ ಹೀಗೆ ದಿನಾಂಕದ ಷರತ್ತು ಇರಲೇಬೇಕು, ಇಲ್ಲದಿದ್ದರೆ ಬಿಟ್ಟೇ ಬಿಟ್ಟಿದ್ದಾರೆಂದು ಮುಂದೆ ವಾದ ಬರುತ್ತದೆ. ‘ಪೊಲೀಸ್ ಕೇಸ್ ಹಾಕುತ್ತೇವೆ’, ‘ಮಾರ್ಕೆಟ್‌ನಲ್ಲಿ ಎಲ್ಲರಿಗೂ ಹೇಳುತ್ತೇವೆ’ ಎಂಬ ಸಾಲುಗಳು ಬರೆದವರಿಗೇ ತಿರುಗುತ್ತವೆ. ಮಾಡದ ಕೆಲಸವನ್ನು ಮಾಡುತ್ತೇವೆಂದು ಬರೆಯುವುದಂತೂ ಇನ್ನೂ ಕೆಟ್ಟದ್ದು, ಸೆಪ್ಟೆಂಬರ್ 4ರಂದು ಅರ್ಜಿ ಹೋಗದಿದ್ದರೆ ನಾಲ್ಕನೆಯ ಪತ್ರವನ್ನು ಯಾರೂ ಓದುವುದಿಲ್ಲ. ಪತ್ರವನ್ನು ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಬೇಕು.

ಕೌನ್ಸಿಲ್‌ಗೆ ಹೋಗುವುದು ಆನ್‌ಲೈನ್ ಅರ್ಜಿಯ ಮೂಲಕ. ಕೊಳ್ಳುವವರು ಪುಣೆಯಲ್ಲಿದ್ದರೂ ಮಾಲು ಕೊಟ್ಟವರು ತಮ್ಮ ರಾಜ್ಯದ ಕೌನ್ಸಿಲ್‌ನಲ್ಲೇ ಅರ್ಜಿ ಹಾಕಬಹುದು. ಅಲ್ಲಿ ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆ. ಕಾಯ್ದೆ 90 ದಿನ ಎನ್ನುತ್ತದೆ, ಅಷ್ಟರಲ್ಲೇ ಮುಗಿಯುತ್ತದೆಂದು ನಂಬಿ ಕೂರುವಂತಿಲ್ಲ. ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊತ್ತದ ಶೇ 75ನ್ನು ಮೊದಲು ಠೇವಣಿ ಇಡಬೇಕು, ಹೀಗಾಗಿ ಮೂರನೆಯ ಪತ್ರ ತಲುಪಿದಾಗಲೇ ಕೆಲವರು ಮಾತಿಗೆ ಬರುತ್ತಾರೆ. ಈ ರಕ್ಷಣೆ ಕಿರು ಮತ್ತು ಸಣ್ಣ ಉತ್ಪಾದಕರಿಗೆ, ಸೇವೆ ಒದಗಿಸುವವರಿಗೆ ಮಾತ್ರ. ಮಧ್ಯಮ ಉದ್ದಿಮೆಗಳಿಗಾಗಲಿ, ಕೊಂಡು ಮಾರುವ ವ್ಯಾಪಾರಿಗಳಿಗಾಗಲಿ ಇಲ್ಲ. ಅವರು ಮೂರನೆಯ ಪತ್ರದಲ್ಲಿ ಒಪ್ಪಂದದ ಬಡ್ಡಿಯನ್ನೂ ವಕೀಲರ ನೋಟಿಸನ್ನೂ ಹೆಸರಿಸಬೇಕಾಗುತ್ತದೆ. ಉದ್ಯಮ್ ನೋಂದಣಿಯನ್ನು ಮಾಲು ಕೊಡುವ ಮೊದಲೇ ಮಾಡಿಸಿರುವುದು ಕ್ಷೇಮ.

ಕೊಳ್ಳುವವರು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ ಈ ಮೂರು ಪತ್ರಗಳ ಕ್ರಮವನ್ನು ಅಲ್ಲಿಗೇ ಬಿಡಬೇಕು. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಚೆಕ್ ಬೌನ್ಸ್ ನೋಟಿಸ್ ಹೋಗದಿದ್ದರೆ ಆ ದಾರಿ ಮುಚ್ಚುತ್ತದೆ.

ಎರಡನೆಯ ಪತ್ರದ ಜೊತೆ ಹೋಗುವ ಬಾಕಿ ದೃಢೀಕರಣ ಪತ್ರದ ಬೆಲೆ ತಿಳಿಯುವುದು ವಿಷಯ ಎಳೆದಾಡಿದಾಗ. ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವ ಅವಧಿ ಮೂರು ವರ್ಷ. ಮಾಲು ಕೊಟ್ಟವರು ಎಷ್ಟೇ ಪತ್ರ ಬರೆದರೂ ಆ ಅವಧಿ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಅವಧಿ ಮುಗಿಯುವ ಮುನ್ನ ಬಾಕಿದಾರರೇ ಬಾಕಿಯನ್ನು ಒಪ್ಪಿ ಸಹಿ ಮಾಡಿ ಕೊಟ್ಟರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ.